ಇನ್‌ವಾಯ್ಸ್ ಅಸಲಿ, ಅಕೌಂಟ್ ನಂಬರ್ ಮಾತ್ರ ನಕಲಿ

ಸಪ್ಲೈಯರ್ ಕಡೆಯಿಂದ ಒಂದು ಮೇಲ್ ಬರುತ್ತದೆ. ಜೊತೆಗೆ ಇನ್‌ವಾಯ್ಸ್. ಮಾಲು ಗೋಡೌನ್ ಸೇರಿ ವಾರವಾಗಿದೆ. ಬಿಲ್ ನಂಬರ್ ಸರಿ ಇದೆ, ಮೊತ್ತ ಪರ್ಚೇಸ್ ಆರ್ಡರ್‌ಗೆ ತಾಳೆಯಾಗುತ್ತದೆ, ಜಿಎಸ್‌ಟಿ ಲೆಕ್ಕದಲ್ಲೂ ತಪ್ಪಿಲ್ಲ. ಮೇಲ್‌ನಲ್ಲಿ ಎರಡೇ ಸಾಲು: 'ನಮ್ಮ ಹಳೆಯ ಅಕೌಂಟ್‌ನಲ್ಲಿ ಆಡಿಟ್ ನಡೀತಾ ಇದೆ. ಈ ಬಿಲ್‌ನ ಹಣವನ್ನು ದಯವಿಟ್ಟು ಹೊಸ ಅಕೌಂಟ್‌ಗೆ ಹಾಕಿ, ವಿವರ ಇನ್‌ವಾಯ್ಸ್‌ನಲ್ಲಿದೆ.'

ಬಿಸಿನೆಸ್ ಇಮೇಲ್ ಕಾಂಪ್ರಮೈಸ್, ಅಂದರೆ ಬಿಇಸಿ ಎಂದು ಕರೆಯುವ ವಂಚನೆ ಸಾಮಾನ್ಯವಾಗಿ ಇಷ್ಟು ಸಾಧಾರಣವಾಗಿಯೇ ಬರುತ್ತದೆ. ಲಾಟರಿ ಆಸೆ ಇಲ್ಲ, ಪೊಲೀಸ್ ಬೆದರಿಕೆ ಇಲ್ಲ. ನೀವು ಹೇಗೂ ಕೊಡಬೇಕಾದ ಹಣ, ಹೇಗೂ ಕೊಡಬೇಕಾದ ದಿನಕ್ಕೆ, ಬೇರೆ ಅಕೌಂಟ್‌ಗೆ ಹೋಗುತ್ತದೆ ಅಷ್ಟೇ. ಹಾಗಾಗಿಯೇ ಇದು ಅಕೌಂಟ್ಸ್ ವಿಭಾಗದ ಮಾಮೂಲಿ ತಪಾಸಣೆಗಳಿಗೆ ಸಿಗುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಪೀಣ್ಯದಲ್ಲಿ ಒಂದು ಮಷಿನಿಂಗ್ ಯೂನಿಟ್. ಬೆಳಗಾವಿಯ ಒಂದು ಫೌಂಡ್ರಿಯಿಂದ ಕಾಸ್ಟಿಂಗ್ ತರಿಸುತ್ತಾರೆ. ಈ ಸಲದ ಬಿಲ್ 12,60,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 2,26,800, ಒಟ್ಟು 14,86,800 ರೂಪಾಯಿ. ಇಬ್ಬರದೂ ಹಲವು ವರ್ಷಗಳ ವ್ಯವಹಾರ. ಪೀಣ್ಯದಲ್ಲಿ ಪೇಮೆಂಟ್ ನೋಡಿಕೊಳ್ಳುವ ಅಕೌಂಟೆಂಟ್ ಮುಂದೆ ಮೇಲಿನ ಎರಡು ಸಾಲಿನ ಮೇಲ್ ತೆರೆದಿದೆ. ಪೇಮೆಂಟ್‌ಗೆ ನಾಳೆಯೇ ಕೊನೆಯ ದಿನ. ಈಗ ಅವರು ಏನನ್ನು ನೋಡಬಹುದು, ನೋಡಿದ್ದರಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ?

ಮೊದಲು ಇನ್‌ವಾಯ್ಸ್‌ನಿಂದಲೇ ಶುರು ಮಾಡೋಣ. ಬಹಳ ಜನ ಎಡವುವುದು ಇಲ್ಲೇ. ಇ-ಇನ್‌ವಾಯ್ಸ್ ಆದರೆ ಅದರ ಮೇಲೆ ಐಆರ್‌ಎನ್ ಎಂಬ ಉದ್ದನೆಯ ಸಂಖ್ಯೆ ಇರುತ್ತದೆ, ಒಂದು ಕ್ಯೂಆರ್ ಕೋಡ್ ಇರುತ್ತದೆ. ಜಿಎಸ್‌ಟಿಯ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಕೋಡ್‌ಗೆ ಸರ್ಕಾರದ ಡಿಜಿಟಲ್ ಸಹಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಪೀಣ್ಯದ ಅಕೌಂಟೆಂಟ್ ಸ್ಕ್ಯಾನ್ ಮಾಡುತ್ತಾರೆ. ಸರಿಯಾಗಿದೆ ಎಂದೇ ಬರುತ್ತದೆ. ಸಪ್ಲೈಯರ್‌ಗಳು ಜಿಎಸ್‌ಟಿಗೆ ತೋರಿಸಿದ ಬಿಲ್‌ಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿ ತೆಗೆದು ನೋಡಿದರೆ ಅಲ್ಲೂ ಬಿಲ್ ಕಾಣಿಸುತ್ತದೆ. ಮನಸ್ಸು ಹಗುರಾಗುತ್ತದೆ ಅಲ್ವಾ?

ಆದರೆ ಆ ಸಹಿ ಮಾಡಿದ ಕ್ಯೂಆರ್ ಕೋಡ್ ಒಳಗೆ ಇರುವುದು ಮಾರುವವರ ಜಿಎಸ್‌ಟಿಐಎನ್, ಕೊಳ್ಳುವವರ ಜಿಎಸ್‌ಟಿಐಎನ್, ಬಿಲ್ ನಂಬರ್, ತಾರೀಕು, ಮೊತ್ತ, ಎಷ್ಟು ಐಟಂ, ಮುಖ್ಯ ಐಟಂನ ಎಚ್‌ಎಸ್‌ಎನ್ ಕೋಡ್, ಐಆರ್‌ಎನ್ ಇಂಥವು. ಬ್ಯಾಂಕ್ ಅಕೌಂಟ್ ನಂಬರ್ ಅದರಲ್ಲಿಲ್ಲ. ಅಂದರೆ ಕಳ್ಳ ಹೊಸ ಬಿಲ್ ಸೃಷ್ಟಿಸಬೇಕಾಗಿಲ್ಲ. ಫೌಂಡ್ರಿ ಕಳಿಸಿದ ಅಸಲಿ ಪಿಡಿಎಫ್ ಅವನ ಕೈಗೆ ಸಿಕ್ಕರೆ ಸಾಕು. ಕೆಳಗೆ 'Company's Bank Details' ಎಂದಿರುವ ಚೌಕದಲ್ಲಿ ಅಕೌಂಟ್ ನಂಬರ್ ಮತ್ತು ಐಎಫ್‌ಎಸ್‌ಸಿ ಎರಡನ್ನು ಬದಲಿಸುತ್ತಾನೆ. ಕ್ಯೂಆರ್ ಹಾಗೇ ಉಳಿಯುತ್ತದೆ, ಸ್ಕ್ಯಾನ್ ಮಾಡಿದರೆ ಸರಿ ಎಂದೇ ತೋರಿಸುತ್ತದೆ. ಇನ್‌ವಾಯ್ಸ್ ಅಸಲಿಯೋ ಎಂಬ ಪ್ರಶ್ನೆಗೆ ಇದು ಉತ್ತರ ಕೊಡುತ್ತದೆ. ಅಕೌಂಟ್ ಯಾರದು ಎಂಬ ಪ್ರಶ್ನೆಗೆ ಕೊಡುವುದಿಲ್ಲ.

ಪಿಡಿಎಫ್ ಫೈಲನ್ನೇ ಸ್ವಲ್ಪ ಕೆದಕಿ ನೋಡಬಹುದು. ಅದೇ ಸಪ್ಲೈಯರ್‌ನ ಹಳೆಯ ಎರಡು ಮೂರು ಬಿಲ್ ತೆಗೆದು ಪಕ್ಕದಲ್ಲಿಟ್ಟು, ಫೈಲ್‌ನ ಪ್ರಾಪರ್ಟೀಸ್ ತೆರೆಯಿರಿ. ಯಾವ ಸಾಫ್ಟ್‌ವೇರ್‌ನಿಂದ ತಯಾರಾಗಿದೆ, ಯಾವಾಗ ತಯಾರಾಗಿ ಯಾವಾಗ ತಿದ್ದಲಾಗಿದೆ ಎಂಬುದು ಅಲ್ಲಿರುತ್ತದೆ. ಹಳೆಯ ಬಿಲ್‌ಗಳೆಲ್ಲ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ನೇರ ಬಂದಿದ್ದು, ಇದೊಂದು ಮಾತ್ರ ಪಿಡಿಎಫ್ ಎಡಿಟರ್‌ನಿಂದ ಬಂದಿದ್ದರೆ ಅಲ್ಲಿಗೆ ನಿಲ್ಲಿಸಿ. ಅಕೌಂಟ್ ನಂಬರಿನ ಅಂಕಿಗಳನ್ನು ಜೂಮ್ ಮಾಡಿ ಬಿಲ್ಲಿನ ಬೇರೆ ಅಂಕಿಗಳ ಜೊತೆ ಹೋಲಿಸಿ. ಫಾಂಟ್ ಒಂಚೂರು ದಪ್ಪ, ಸಾಲು ಒಂದೆಳೆ ಮೇಲೆ ಕೆಳಗೆ ಆಗಿರುವುದುಂಟು. ಆದರೆ ಇವು ಯಾವುವೂ ಕಾಣದಿದ್ದರೆ ಬಿಲ್ ಸರಿ ಇದೆ ಎಂದರ್ಥವಲ್ಲ. ಕೈಕೆಲಸ ಚೆನ್ನಾಗಿದೆ ಎಂದೂ ಇರಬಹುದು.

ಈಗ ಮೇಲ್. ಫೌಂಡ್ರಿಯ ನಿಜವಾದ ವಿಳಾಸ accounts@premiumcast.example ಎಂದಿಟ್ಟುಕೊಳ್ಳಿ. (.example ಎಂಬ ಕೊನೆ ಉದಾಹರಣೆಗೆಂದೇ ಮೀಸಲಾದದ್ದು, ಯಾರ ಡೊಮೇನೂ ಅಲ್ಲ.) ಜಿಮೇಲ್‌ನಲ್ಲಿ ಮೂರು ಚುಕ್ಕೆ ಒತ್ತಿ Show original ತೆರೆದರೆ ಮೇಲ್‌ನ ಪೂರ್ತಿ ಹೆಡರ್ ಕಾಣುತ್ತದೆ. ಬೇಕಾದ ಸಾಲುಗಳು ಇಷ್ಟು:

```
From: "Accounts" <accounts@prerniumcast.example>
Reply-To: accounts@prerniumcast.example
Authentication-Results: mx.google.com;
  dkim=pass header.i=@prerniumcast.example;
  spf=pass smtp.mailfrom=accounts@prerniumcast.example;
  dmarc=pass header.from=prerniumcast.example
```

ಮೂರೂ ಕಡೆ `pass`. ಬಹಳ ಜನ ಇದನ್ನು ನೋಡಿ ಮೇಲ್ ಅಸಲಿ ಎಂದುಕೊಳ್ಳುತ್ತಾರೆ. ಹೆಸರನ್ನು ಇನ್ನೊಮ್ಮೆ ಓದಿ. `premium` ಅಲ್ಲ, `prernium`. m ಜಾಗದಲ್ಲಿ r ಮತ್ತು n ಒಟ್ಟಿಗೆ ಕೂತಿವೆ. ಸಣ್ಣ ಫಾಂಟ್‌ನಲ್ಲಿ, ಅದರಲ್ಲೂ ಮೊಬೈಲ್‌ನಲ್ಲಿ, ವ್ಯತ್ಯಾಸ ಕಾಣುವುದೇ ಇಲ್ಲ.

ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಈ ಮೂರು ತಪಾಸಣೆಗಳು ಹೇಳುವುದು ಇಷ್ಟೇ: ಯಾವ ಡೊಮೇನ್‌ನಿಂದ ಬಂದಿದೆ ಎಂದು ಮೇಲ್ ಹೇಳಿಕೊಳ್ಳುತ್ತಿದೆಯೋ, ಆ ಡೊಮೇನ್‌ನಿಂದಲೇ ಬಂದಿದೆ. ಆ ಡೊಮೇನ್ ಫೌಂಡ್ರಿಯದೇ ಎಂದು ಅವು ಹೇಳುವುದಿಲ್ಲ. ಕಳ್ಳ ತನ್ನದೇ ಡೊಮೇನ್ ಕೊಂಡು, ಅದಕ್ಕೆ ಈ ಮೂರನ್ನೂ ಚೊಕ್ಕವಾಗಿ ಹೊಂದಿಸಿಕೊಂಡರೆ ಮೂರೂ ಪಾಸ್ ಆಗುತ್ತವೆ. ಹಾಗಾಗಿ ಇಲ್ಲಿ ನೋಡಬೇಕಾದ್ದು `pass` ಎಂಬ ಪದವನ್ನಲ್ಲ, ಅದರ ಪಕ್ಕದಲ್ಲಿರುವ ಹೆಸರನ್ನು. ಕಣ್ಣಿನಿಂದ ಹೋಲಿಸುವ ಬದಲು, ವಿಳಾಸವನ್ನು ಕಾಪಿ ಮಾಡಿ ಹಳೆಯ ಮೇಲ್ ಬಾಕ್ಸ್‌ನಲ್ಲಿ ಹುಡುಕಿ. ವರ್ಷಗಟ್ಟಲೆ ವ್ಯವಹಾರ ಮಾಡಿದ ಸಪ್ಲೈಯರ್ ವಿಳಾಸದಿಂದ ಇದೊಂದೇ ಮೇಲ್ ಸಿಕ್ಕರೆ ವಿಷಯ ಮುಗಿಯಿತು. `whois` ಮಾಡಿ ಡೊಮೇನ್ ಯಾವಾಗ ನೋಂದಣಿಯಾಯಿತು ಎಂದೂ ನೋಡಬಹುದು. ಹಳೆಯ ಫೌಂಡ್ರಿಯ ಡೊಮೇನ್ ಹೋದ ವಾರ ಹುಟ್ಟಿದ್ದರೆ ಬೇರೆ ಸಾಕ್ಷಿ ಬೇಡ.

ಇನ್ನೊಂದು ಬಗೆ ಇದೆ. ಅದು ಹೆಚ್ಚು ಕಷ್ಟದ್ದು. ಕಳ್ಳ ಹೋಲುವ ಡೊಮೇನ್ ಕೊಳ್ಳುವುದಿಲ್ಲ, ಫೌಂಡ್ರಿಯ ಮೇಲ್ ಬಾಕ್ಸ್ ಒಳಗೇ ಕೂರುತ್ತಾನೆ. ಯಾವುದೋ ನಕಲಿ ಲಾಗಿನ್ ಪುಟದಲ್ಲಿ ಅಲ್ಲಿನವರೊಬ್ಬರು ಪಾಸ್‌ವರ್ಡ್ ಕೊಟ್ಟಿರುತ್ತಾರೆ. ಅವನು ಅವಸರ ಮಾಡುವುದಿಲ್ಲ. ಯಾರಿಗೆ ಎಷ್ಟು ಬಾಕಿ, ಯಾವ ದಿನ ಪೇಮೆಂಟ್, ಅಕೌಂಟೆಂಟ್ ಯಾವ ಶೈಲಿಯಲ್ಲಿ ಬರೆಯುತ್ತಾರೆ ಎಂದು ಓದುತ್ತಾ ಇರುತ್ತಾನೆ. ಮೇಲ್ ಬಾಕ್ಸ್‌ನಲ್ಲಿ ಒಂದು ರೂಲ್ ಹಾಕಿರುತ್ತಾನೆ: ಪೀಣ್ಯದಿಂದ ಬರುವ ಮೇಲ್‌ಗಳು ಇನ್‌ಬಾಕ್ಸ್‌ಗೆ ಬಾರದೆ ಯಾರೂ ತೆರೆಯದ ಒಂದು ಫೋಲ್ಡರ್‌ಗೆ ಹೋಗಬೇಕು, ಇಲ್ಲವೇ ಅಳಿಸಿಹೋಗಬೇಕು. ಆಮೇಲೆ ನಡೆಯುತ್ತಿರುವ ಮಾತುಕತೆಗೇ ಉತ್ತರವಾಗಿ ಹೊಸ ಅಕೌಂಟ್ ನಂಬರ್ ಕಳಿಸುತ್ತಾನೆ. ಡೊಮೇನ್ ಸರಿ, ಹೆಡರ್ ಸರಿ, ಕೆಳಗೆ ಹಳೆಯ ಮೇಲ್‌ಗಳ ಸರಮಾಲೆ ಸರಿ. ನೀವು 'ಇದು ನಿಜವೇ ಸರ್?' ಎಂದು ಮೇಲ್ ಮಾಡಿದರೆ ಉತ್ತರ ಕೊಡುವವನೂ ಅವನೇ. ಅಡ್ರೆಸ್ ಬುಕ್‌ನಿಂದ ಸರಿಯಾದ ವಿಳಾಸ ತೆಗೆದು ಹೊಸದಾಗಿ ಮೇಲ್ ಬರೆದರೂ ಹೋಗುವುದು ಅವನು ಕೂತಿರುವ ಬಾಕ್ಸ್‌ಗೇ.

ಹೀಗಾಗಿ ಮೇಲ್‌ನ ತಪಾಸಣೆ ಒಂದು ದಿಕ್ಕಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅದು ವಂಚನೆಯನ್ನು ಹಿಡಿದುಕೊಡಬಹುದು. ವಂಚನೆ ಅಲ್ಲ ಎಂದು ಮಾತ್ರ ಎಂದೂ ಹೇಳಲಾರದು. ತಪ್ಪು ಸಿಕ್ಕರೆ ನಿಲ್ಲಿಸಿ. ಸಿಗದಿದ್ದರೆ ನೀವು ಇನ್ನೂ ಹೊರಟ ಜಾಗದಲ್ಲೇ ಇದ್ದೀರಿ.

ಹಾಗಿದ್ದರೆ ಬ್ಯಾಂಕಿನ ಕಡೆಯಿಂದ ಏನಾದರೂ ಗೊತ್ತಾಗುತ್ತದೆಯೇ? ಇಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನೆಫ್ಟ್ ಅಥವಾ ಆರ್‌ಟಿಜಿಎಸ್‌ನಲ್ಲಿ ಹಣ ಜಮಾ ಆಗುವುದು ಅಕೌಂಟ್ ನಂಬರ್ ನೋಡಿಯೇ ಹೊರತು ಹೆಸರು ನೋಡಿ ಅಲ್ಲ. 2010ರಲ್ಲೇ ರಿಸರ್ವ್ ಬ್ಯಾಂಕ್ ಇದನ್ನು ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ನೀವು ಹೆಸರಿನ ಜಾಗದಲ್ಲಿ ಫೌಂಡ್ರಿಯ ಹೆಸರು ಬರೆದು, ನಂಬರಿನ ಜಾಗದಲ್ಲಿ ಬೇರೆ ಯಾರದೋ ನಂಬರ್ ಹಾಕಿದರೆ ಹಣ ಆ ಬೇರೆಯವರಿಗೇ ಹೋಗುತ್ತದೆ. ಹೆಸರು ಹೊಂದಲಿಲ್ಲ ಎಂದು ವಾಪಸ್ ಬರುತ್ತದೆ ಎಂಬ ನಂಬಿಕೆ ತಪ್ಪು.

ಇದಕ್ಕೆ ಪರಿಹಾರವಾಗಿ 2024ರ ಡಿಸೆಂಬರ್ ಕೊನೆಯಲ್ಲಿ ರಿಸರ್ವ್ ಬ್ಯಾಂಕ್ ಇನ್ನೊಂದು ಸೂಚನೆ ಹೊರಡಿಸಿತು. ನೆಫ್ಟ್, ಆರ್‌ಟಿಜಿಎಸ್ ಮಾಡುವ ಮೊದಲು ಅಕೌಂಟ್ ನಂಬರ್ ಮತ್ತು ಐಎಫ್‌ಎಸ್‌ಸಿ ಹಾಕಿದರೆ, ಆ ಅಕೌಂಟ್ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಸೌಲಭ್ಯವನ್ನು ಬ್ಯಾಂಕ್‌ಗಳು 2025ರ ಏಪ್ರಿಲ್ 1ರೊಳಗೆ ಕೊಡಬೇಕು, ಅದಕ್ಕೆ ಶುಲ್ಕ ತೆಗೆದುಕೊಳ್ಳಬಾರದು ಎಂದಿತು. ಯುಪಿಐನಲ್ಲಿ ಹಣ ಕಳಿಸುವ ಮೊದಲು ಹೆಸರು ಕಾಣುತ್ತದಲ್ಲ, ಹಾಗೆಯೇ. ಇದನ್ನು ಖಂಡಿತ ಬಳಸಬೇಕು. ಪೀಣ್ಯದ ಉದಾಹರಣೆಯಲ್ಲಿ ಹೊಸ ನಂಬರ್ ಹಾಕಿದಾಗ ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ಕೈಬಿಡಬಹುದು. ತಿಂಗಳ ಕೊನೆಯಲ್ಲಿ ನೂರಾರು ಪೇಮೆಂಟ್‌ಗಳನ್ನು ಒಂದೇ ಫೈಲ್ ಮಾಡಿ ಅಪ್‌ಲೋಡ್ ಮಾಡುವವರು ಮಾತ್ರ ಹುಷಾರಾಗಿರಬೇಕು. ಆ ಭರದಲ್ಲಿ ಹೆಸರನ್ನು ಒಂದೊಂದಾಗಿ ನೋಡುವವರಿಲ್ಲ. ಹಾಗಾಗಿ ಹೊಸ ನಂಬರನ್ನು ಸಿಸ್ಟಂಗೆ ಸೇರಿಸುವಾಗಲೇ ಹೆಸರು ನೋಡಿಕೊಳ್ಳಬೇಕು.

ಹೆಸರು ಹೊಂದಿದರೆ? ಆಗಲೂ ಮುಗಿಯಲಿಲ್ಲ. ಲಿಥುವೇನಿಯಾದ ಎವಾಲ್ಡಾಸ್ ರಿಮಸೌಸ್ಕಾಸ್ ಎಂಬವನ ಪ್ರಕರಣ ಇದಕ್ಕೆ ಒಳ್ಳೆಯ ಸಾಕ್ಷಿ. ತೈವಾನಿನ ಕ್ವಾಂಟಾ ಕಂಪ್ಯೂಟರ್ ಎಂಬ ಕಂಪನಿ ಗೂಗಲ್ ಮತ್ತು ಫೇಸ್‌ಬುಕ್‌ಗೆ ಯಂತ್ರಾಂಶ ಪೂರೈಸುತ್ತಿತ್ತು. ಇವನು ಅದೇ ಹೆಸರಿನ ಕಂಪನಿಯನ್ನು ಲಾಟ್ವಿಯಾದಲ್ಲಿ ನೋಂದಾಯಿಸಿ, ಅದರ ಹೆಸರಿನಲ್ಲಿ ಬ್ಯಾಂಕ್ ಅಕೌಂಟ್ ತೆರೆದ. 2013ರಿಂದ 2015ರ ನಡುವೆ ಆ ಎರಡು ಕಂಪನಿಗಳಿಂದ ಒಟ್ಟು 12 ಕೋಟಿ ಡಾಲರ್‌ಗೂ ಜಾಸ್ತಿ ಹಣ ಅವನ ಅಕೌಂಟ್‌ಗಳಿಗೆ ಹೋಯಿತು. 2019ರ ಡಿಸೆಂಬರ್‌ನಲ್ಲಿ ಅವನಿಗೆ ಅಮೆರಿಕದ ಕೋರ್ಟ್ 5 ವರ್ಷ ಜೈಲು ವಿಧಿಸಿತು. ಅಲ್ಲಿ ಯಾರಾದರೂ ಅಕೌಂಟ್‌ನ ಹೆಸರನ್ನು ಮಾತ್ರ ನೋಡಿದ್ದರೆ ಅದು ಸರಿಯಾಗಿಯೇ ಕಾಣುತ್ತಿತ್ತು. ನಮ್ಮಲ್ಲೂ ಫೌಂಡ್ರಿಯ ಹೆಸರಿಗೆ 'ಎಂಟರ್‌ಪ್ರೈಸಸ್' ಎಂದೋ 'ಟ್ರೇಡರ್ಸ್' ಎಂದೋ ಸೇರಿಸಿ ಕರೆಂಟ್ ಅಕೌಂಟ್ ತೆರೆದರೆ, ಅವಸರದಲ್ಲಿ ನೋಡುವ ಕಣ್ಣಿಗೆ ಅದು ಅದೇ ಹೆಸರು.

ಐಎಫ್‌ಎಸ್‌ಸಿಯೂ ಒಂದು ಸುಳಿವು ಕೊಡುತ್ತದೆ. ಹನ್ನೊಂದು ಅಕ್ಷರದಲ್ಲಿ ಮೊದಲ ನಾಲ್ಕು ಬ್ಯಾಂಕ್, ಐದನೆಯದು ಸೊನ್ನೆ, ಕೊನೆಯ ಆರು ಶಾಖೆ. ಬೆಳಗಾವಿಯ ಫೌಂಡ್ರಿಗೆ ಎರಡು ಸಾವಿರ ಕಿಲೋಮೀಟರ್ ಆಚೆಯ ಶಾಖೆಯಲ್ಲಿ ಅಕೌಂಟ್ ಯಾಕೆ ಎಂದು ಕೇಳಲೇಬೇಕು. ಆದರೆ ಬದಲಾವಣೆ ಎಂದಾಕ್ಷಣ ಮೋಸ ಎಂದೂ ಅಲ್ಲ. ಕರ್ನಾಟಕದಲ್ಲಿ ಇದು ನಮಗೆ ಚೆನ್ನಾಗಿ ಗೊತ್ತು. ಸಿಂಡಿಕೇಟ್ ಬ್ಯಾಂಕ್ ಕೆನರಾ ಜೊತೆ ಸೇರಿದ ಮೇಲೆ 2021ರ ಜುಲೈ 1ರಿಂದ ಅದರ ಹಳೆಯ ಐಎಫ್‌ಎಸ್‌ಸಿ ನಡೆಯಲಿಲ್ಲ. ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಜೊತೆ ಸೇರಿದಾಗಲೂ ಹೀಗೇ. ಆಗ ಸಪ್ಲೈಯರ್‌ಗಳಿಂದ ಬ್ಯಾಂಕ್ ವಿವರ ಬದಲಾದ ನಿಜವಾದ ಪತ್ರಗಳೇ ಬಂದವು. ಹೊಸ ಸಾಲ ಕೊಟ್ಟ ಬ್ಯಾಂಕು ವ್ಯವಹಾರವನ್ನೆಲ್ಲ ತನ್ನಲ್ಲೇ ಮಾಡಬೇಕು ಎನ್ನುವುದೂ ಮಾಮೂಲಿ. ಹಾಗಾಗಿ ಸುಮ್ನೆ ತಿರಸ್ಕರಿಸಿದರೂ ಕೆಲಸ ನಡೆಯುವುದಿಲ್ಲ, ಖಚಿತಪಡಿಸಿಕೊಳ್ಳುವ ದಾರಿ ಬೇಕು.

ಆ ದಾರಿ ಫೋನ್. ಆದರೆ ಯಾವ ನಂಬರ್‌ಗೆ ಎನ್ನುವುದರಲ್ಲೇ ಎಲ್ಲ ಇದೆ. ಮೇಲ್‌ನ ಕೆಳಗಿರುವ ನಂಬರ್ ಬೇಡ, ಈ ಇನ್‌ವಾಯ್ಸ್‌ನ ಮೇಲಿರುವ ನಂಬರೂ ಬೇಡ. ಅವೆರಡನ್ನೂ ಬದಲಿಸಿರಬಹುದು. ಹಳೆಯ ಪರ್ಚೇಸ್ ಆರ್ಡರ್, ವ್ಯವಹಾರ ಶುರುವಾದಾಗ ತುಂಬಿಸಿಕೊಂಡ ವೆಂಡರ್ ಫಾರಂ, ನಿಮ್ಮ ಪರ್ಚೇಸ್‌ನವರು ವರ್ಷಗಳಿಂದ ಮಾತಾಡುತ್ತಿರುವ ಮೊಬೈಲ್, ಇವುಗಳಲ್ಲಿ ಒಂದು. ಸಪ್ಲೈಯರ್‌ಗಳ ವಿವರವೆಲ್ಲ ಇರುವ ವೆಂಡರ್ ಮಾಸ್ಟರ್‌ನಲ್ಲಿ ಫೋನ್ ನಂಬರ್ ಇತ್ತೀಚೆಗೆ ಬದಲಾಗಿದೆಯೇ ಎಂದೂ ನೋಡಿ. ತಯಾರಿ ಮಾಡಿಕೊಂಡು ಬರುವ ಕಳ್ಳ ಕೆಲವು ವಾರ ಮೊದಲೇ 'ನಮ್ಮ ಆಫೀಸ್ ನಂಬರ್ ಬದಲಾಗಿದೆ' ಎಂದು ಮೇಲ್ ಕಳಿಸಿರುತ್ತಾನೆ. ಫೋನ್ ನಂಬರ್ ತಾನೇ ಎಂದು ಯಾರೋ ತಿದ್ದಿರುತ್ತಾರೆ. ಸಪ್ಲೈಯರ್ ಕಡೆಯವರೇ ಕರೆ ಮಾಡಿ 'ಮೇಲ್ ಸಿಕ್ಕಿತಾ ಮೇಡಂ?' ಎಂದು ವಿಚಾರಿಸಿದರೆ ಅದನ್ನು ಖಚಿತಪಡಿಸಿದಂತೆ ಎಣಿಸಬೇಡಿ. ಕರೆ ನಿಮ್ಮ ಕಡೆಯಿಂದ ಹೋಗಬೇಕು.

ಪೀಣ್ಯದ ಅಕೌಂಟೆಂಟ್ ಹಳೆಯ ಫೈಲ್‌ನಲ್ಲಿದ್ದ ನಂಬರ್‌ಗೆ ಕರೆ ಮಾಡುತ್ತಾರೆ.

"ಸರ್, ಪೀಣ್ಯದಿಂದ ಮಾತಾಡ್ತಾ ಇದೀನಿ. ನಿಮ್ಮ ಬ್ಯಾಂಕ್ ಅಕೌಂಟ್ ಏನಾದ್ರೂ ಬದಲಾಗಿದ್ಯಾ?"

"ಇಲ್ರೀ ಮೇಡಂ, ಯಾಕ್ರೀ? ಹಳೇದೇ ಐತಿ."

ಗಮನಿಸಿ, ಅಕೌಂಟೆಂಟ್ ಹೊಸ ನಂಬರನ್ನು ಓದಿ ಹೇಳಿ 'ಇದು ಸರೀನಾ?' ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಅತ್ತ ಗಡಿಬಿಡಿಯಲ್ಲಿರುವವರು ಸರಿಯಾಗಿ ಕೇಳಿಸಿಕೊಳ್ಳದೆ 'ಹೂಂ, ಹೂಂ' ಎಂದುಬಿಡುವುದುಂಟು. ಅಕೌಂಟ್ ಬದಲಾಗಿದೆ ಎಂದೇ ಅವರು ಹೇಳಿದ್ದರೆ ಮುಂದಿನ ಪ್ರಶ್ನೆ: ಹೊಸ ಅಕೌಂಟಿನ ಕೊನೆಯ ನಾಲ್ಕು ಅಂಕಿ ನೀವೇ ಹೇಳಿ, ಯಾವ ಬ್ಯಾಂಕ್, ಯಾವ ಶಾಖೆ? ನಂಬರ್ ಅವರ ಬಾಯಿಂದ ಬರಬೇಕು, ನಿಮ್ಮ ಮುಂದಿರುವ ಕಾಗದಕ್ಕೆ ಹೊಂದಬೇಕು. ದೊಡ್ಡ ಮೊತ್ತವಾದರೆ ಮಾಲೀಕರಿಗೋ ಪಾಲುದಾರರಿಗೋ ಇನ್ನೊಂದು ಕರೆ ಮಾಡುವುದು ಒಳ್ಳೆಯದು. ಫೌಂಡ್ರಿಯ ಒಳಗಿನವರೇ ಯಾರಾದರೂ ಈ ಆಟ ಆಡುತ್ತಿದ್ದರೆ ಒಬ್ಬರ ಮಾತು ಸಾಲದು.

ಕ್ಯಾನ್ಸಲ್ ಮಾಡಿದ ಚೆಕ್ಕಿನ ಫೋಟೊ, ಲೆಟರ್‌ಹೆಡ್‌ನಲ್ಲಿ ಪತ್ರ, ಸೀಲು ಇವನ್ನೆಲ್ಲ ಕೇಳಿ ಪಡೆಯುವ ರೂಢಿ ನಮ್ಮಲ್ಲಿದೆ. ಕಡತಕ್ಕೆ ಇರಲಿ. ಆದರೆ ಅದೇ ಮೇಲ್‌ನಲ್ಲಿ ಬಂದರೆ ಅದಕ್ಕೆ ಬೆಲೆ ಇಲ್ಲ. ಇನ್‌ವಾಯ್ಸ್ ತಿದ್ದಬಲ್ಲವನಿಗೆ ಚೆಕ್ಕಿನ ಫೋಟೊ ತಿದ್ದುವುದು ದೊಡ್ಡದಲ್ಲ. ಒಂದು ರೂಪಾಯಿ ಕಳಿಸಿ 'ಬಂತಾ?' ಎಂದು ನೋಡುವವರೂ ಇದ್ದಾರೆ. ಬಂತಾ ಎಂದು ಮೇಲ್‌ನಲ್ಲೇ ಕೇಳಿದರೆ ಕಳ್ಳ 'ಬಂತು' ಎಂದು ನಿಜವನ್ನೇ ಹೇಳುತ್ತಾನೆ. ಹಳೆಯ ನಂಬರ್‌ಗೆ ಫೋನ್ ಮಾಡಿ ಕೇಳಿದರೆ ಮಾತ್ರ ಆ ಒಂದು ರೂಪಾಯಿಗೆ ಅರ್ಥ.

ಇಷ್ಟಾಗಿ, ನಾಳೆಯೇ ಕೊನೆಯ ದಿನ ಎಂಬ ಒತ್ತಡ ಉಳಿಯುತ್ತದೆ. ಸಣ್ಣ ಕೈಗಾರಿಕೆಗಳಿಗೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಬೀಳುತ್ತದೆ ಎಂಬ ಎಂಎಸ್‌ಎಂಇ ಕಾನೂನಿನ ಭಯ ನಿಜವಾದದ್ದೇ. ಕಳ್ಳನಿಗೂ ಅದು ಗೊತ್ತು. ಅಕೌಂಟೆಂಟ್‌ಗೆ ಇಲ್ಲಿ ಒಂದು ಸುಲಭದ ದಾರಿ ಇದೆ: ಬದಲಾವಣೆ ಖಚಿತವಾಗುವವರೆಗೆ ಹಣವನ್ನು ಹಳೆಯ, ಹಲವು ಸಲ ಪೇಮೆಂಟ್ ಹೋಗಿರುವ ಅಕೌಂಟ್‌ಗೇ ಹಾಕುವುದು. ಹಳೆಯ ಅಕೌಂಟ್ ನಿಜಕ್ಕೂ ಮುಚ್ಚಿದ್ದರೆ ಹಣ ವಾಪಸ್ ಬರುತ್ತದೆ. ಕಳೆದುಹೋಗುವುದಿಲ್ಲ. ಆಡಿಟ್ ನಡೆಯುತ್ತಿದೆ ಎಂಬ ಕಾರಣವನ್ನಂತೂ ಒಪ್ಪಲೇಬೇಡಿ. ಆಡಿಟ್ ನಡೆದರೆ ಕರೆಂಟ್ ಅಕೌಂಟ್‌ಗೆ ಹಣ ಬರುವುದು ನಿಲ್ಲುವುದಿಲ್ಲ, ಅಕೌಂಟ್ಸ್‌ನಲ್ಲಿರುವ ಯಾರಿಗಾದರೂ ಇದು ಗೊತ್ತು.

ಕಂಪನಿಗಳು ಮಾಡಬೇಕಾದ ಒಂದು ಬದಲಾವಣೆಯನ್ನು ಒತ್ತಿ ಹೇಳುತ್ತೇನೆ. ಬ್ಯಾಂಕ್ ವಿವರ ತಿದ್ದುವ ಕೆಲಸ ಬಿಲ್ ಪಾಸ್ ಮಾಡುವ ಕೆಲಸದ ಒಳಗೆ ಬರಬಾರದು. ಇನ್‌ವಾಯ್ಸ್‌ನಲ್ಲಿ ಏನೇ ನಂಬರ್ ಇರಲಿ, ಹಣ ಹೋಗುವುದು ವೆಂಡರ್ ಮಾಸ್ಟರ್‌ನಲ್ಲಿರುವ ನಂಬರ್‌ಗೆ ಮಾತ್ರ. ಅದನ್ನು ತಿದ್ದುವವರು ಒಬ್ಬರು, ಕರೆ ಮಾಡಿ ಖಚಿತಪಡಿಸಿಕೊಂಡು ಒಪ್ಪುವವರು ಇನ್ನೊಬ್ಬರು, ಯಾವ ನಂಬರ್‌ಗೆ ಯಾವಾಗ ಕರೆ ಮಾಡಿದರು, ಯಾರು ಮಾತಾಡಿದರು ಎಂಬುದು ಬರವಣಿಗೆಯಲ್ಲಿ. ಇಬ್ಬರೇ ಇರುವ ಆಫೀಸಿನಲ್ಲೂ ಇದನ್ನು ಮಾಡಬಹುದು. 'ಎಂಡಿ ಅರ್ಜೆಂಟ್ ಅಂದ್ರು' ಎಂಬ ವಿನಾಯಿತಿ ಇದಕ್ಕೆ ಇರಕೂಡದು, ಏಕೆಂದರೆ ಎಂಡಿ ಹೆಸರಿನಲ್ಲಿ ಬರುವ ಮೇಲ್ ಕೂಡ ಇದೇ ವಂಚನೆಯ ಇನ್ನೊಂದು ರೂಪ.

ಹಣ ಹೋಗಿಯೇಬಿಟ್ಟಿದ್ದರೆ ಗಂಟೆಗಳ ಲೆಕ್ಕ. 2024ರ ಜುಲೈನಲ್ಲಿ ಸಿಂಗಪುರದ ಒಂದು ಸರಕು ವ್ಯಾಪಾರ ಕಂಪನಿಗೆ ಹೀಗಾಯಿತು. ಸಪ್ಲೈಯರ್ ಹೆಸರಿನಲ್ಲಿ 15ನೇ ತಾರೀಕು ಮೇಲ್ ಬಂತು, ಬಾಕಿ ಹಣವನ್ನು ಟಿಮೋರ್ ಲೆಸ್ಟೆ ದೇಶದ ಹೊಸ ಅಕೌಂಟ್‌ಗೆ ಹಾಕಿ ಎಂದು. ಮೇಲ್ ವಿಳಾಸದ ಸ್ಪೆಲ್ಲಿಂಗ್ ಅಸಲಿಗಿಂತ ಒಂಚೂರು ಬೇರೆ ಇತ್ತು. 19ಕ್ಕೆ 4.23 ಕೋಟಿ ಡಾಲರ್ ಹೋಯಿತು. 23ಕ್ಕೆ ನಿಜವಾದ ಸಪ್ಲೈಯರ್ ಹಣ ಬಂದಿಲ್ಲ ಎಂದಾಗ ಗೊತ್ತಾಯಿತು. ಅದೇ ದಿನ ದೂರು ಕೊಟ್ಟರು. ಸಿಂಗಪುರ ಪೊಲೀಸರು ಇಂಟರ್‌ಪೋಲ್ ಮೂಲಕ ಟಿಮೋರ್ ಲೆಸ್ಟೆಯನ್ನು ಸಂಪರ್ಕಿಸಿದರು. 25ಕ್ಕೆ 3.9 ಕೋಟಿ ಡಾಲರ್ ಅದೇ ಅಕೌಂಟ್‌ನಲ್ಲಿ ಸಿಕ್ಕಿ, ತಡೆಹಿಡಿಯಲಾಯಿತು. ಹಣ ಅಷ್ಟು ದಿನ ಅಲ್ಲೇ ಇದ್ದದ್ದು ಅದೃಷ್ಟ. ನಮ್ಮಲ್ಲಿ ಅದು ಬಾಡಿಗೆ ಅಕೌಂಟ್‌ಗಳ ಮೂಲಕ ಹಂಚಿಹೋಗಲು ಅಷ್ಟು ಹೊತ್ತು ಬೇಡ. ನೆಫ್ಟ್, ಆರ್‌ಟಿಜಿಎಸ್ ಎರಡೂ ಈಗ ದಿನದ 24 ಗಂಟೆ ನಡೆಯುತ್ತವೆ.

ಭಾರತದಲ್ಲಿ ಮೊದಲ ಕರೆ ನಿಮ್ಮ ಬ್ಯಾಂಕ್‌ಗೆ, ಅದರ ಜೊತೆಜೊತೆಗೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಒಬ್ಬರು ಒಂದು ಫೋನ್, ಇನ್ನೊಬ್ಬರು ಇನ್ನೊಂದು ಫೋನ್ ಹಿಡಿಯಲಿ. ಕೈಯಲ್ಲಿ ಇರಬೇಕಾದ್ದು ಯುಟಿಆರ್ ನಂಬರ್, ಹಣ ಹೋದ ದಿನ ಮತ್ತು ಸಮಯ, ಮೊತ್ತ, ಹೋದ ಅಕೌಂಟ್ ನಂಬರ್, ಐಎಫ್‌ಎಸ್‌ಸಿ. 1930ರಲ್ಲಿ ದಾಖಲಾದ ವಿವರ ಹಣ ಹೋದ ಬ್ಯಾಂಕ್‌ಗೆ ತಲುಪುತ್ತದೆ, ಅಲ್ಲಿ ಇನ್ನೂ ಉಳಿದಿರುವ ಹಣಕ್ಕೆ ತಡೆ ಬೀಳುತ್ತದೆ. ಆಮೇಲೆ cybercrime.gov.in ನಲ್ಲಿ ದೂರನ್ನು ಪೂರ್ತಿ ಮಾಡಿ. ಮೇಲ್ ಅಳಿಸಬೇಡಿ, ಫಾರ್ವರ್ಡ್ ಮಾಡಿದ ಪ್ರತಿಯನ್ನೂ ನೆಚ್ಚಿಕೊಳ್ಳಬೇಡಿ. ಫಾರ್ವರ್ಡ್ ಮಾಡಿದರೆ ಮೂಲ ಹೆಡರ್ ಹೋಗುತ್ತದೆ. Download message ಒತ್ತಿ .eml ಫೈಲ್ ಆಗಿ ಉಳಿಸಿಕೊಳ್ಳಿ.

ಸಪ್ಲೈಯರ್‌ಗೆ ಕೂಡಲೇ ತಿಳಿಸಿ, ಅದೂ ಫೋನ್‌ನಲ್ಲೇ. ಅಸಲಿ ಬಿಲ್ ಕಳ್ಳನ ಕೈಗೆ ಸಿಕ್ಕಿದೆ ಎಂದರೆ ಇಬ್ಬರಲ್ಲಿ ಒಬ್ಬರ ಮೇಲ್ ಬಾಕ್ಸ್‌ನಲ್ಲಿ ಅವನು ಕೂತಿರುವ ಸಂಭವ ಹೆಚ್ಚು. ಡೊಮೇನ್ ಹೋಲಿಕೆಯದಾಗಿದ್ದರೂ ಬಿಲ್ ಎಲ್ಲಿಂದಲೋ ಸೋರಿರಲೇಬೇಕು. ಎರಡೂ ಕಡೆ ಮೇಲ್ ಬಾಕ್ಸ್‌ನ ರೂಲ್‌ಗಳನ್ನು, ತಂತಾನೇ ಹೊರಗೆ ಫಾರ್ವರ್ಡ್ ಆಗುವ ಸೆಟ್ಟಿಂಗನ್ನು, ಯಾವ ಊರಿನಿಂದ ಲಾಗಿನ್ ಆಗಿದೆ ಎಂಬ ಪಟ್ಟಿಯನ್ನು ತೆಗೆದು ನೋಡಬೇಕು. ಪಾಸ್‌ವರ್ಡ್ ಬದಲಿಸಿದರೆ ಮಾತ್ರ ಸಾಲದು. ಫಾರ್ವರ್ಡ್ ಸೆಟ್ಟಿಂಗ್ ಉಳಿದಿದ್ದರೆ ಹೊಸ ಪಾಸ್‌ವರ್ಡ್ ಹಾಕಿದ ಮೇಲೂ ನಿಮ್ಮ ಮುಂದಿನ ಬಿಲ್‌ಗಳೆಲ್ಲ ಅವನಿಗೆ ಹೋಗುತ್ತಲೇ ಇರುತ್ತವೆ. ಬಾಕ್ಸ್ ಫೌಂಡ್ರಿಯದಾಗಿದ್ದರೆ ಅವರ ಉಳಿದ ಗಿರಾಕಿಗಳಿಗೂ ಇಂಥದ್ದೇ ಮೇಲ್ ಹೋಗಿರಬಹುದು. ಅವರೆಲ್ಲರಿಗೂ ಅಂದೇ ಫೋನ್ ಹೋಗಬೇಕು.